ಹೆಚ್ಚಿಗೆ ತಂದ ಅಕ್ಕಿ

ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆ ಮದುವೆ ಗೊತ್ತಾಗಿದೆಯಾ? ತಾಳಿಗೆ ಮುಂಚೆ ಹುಡುಗ ಹುಡುಗಿ ಒಂದೂವರೆ ತಾಸು ಮಾತಿಗೆ ಕೂರಲಿ. ವಚನ ಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಸಾಕು.

ಶುರುವಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಅವಳ ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ತಂದ. ಇದು ಆಸೆ, ವಾಪಸ್ ಸುರಿದು ಬನ್ನಿ ಅಂದಳು ಲಕ್ಕಮ್ಮ. ಮಾರಯ್ಯ ಹೋದ. ಇಲ್ಲಿ ಕಥೆ ನಿಲ್ಲಿಸಿ ಹುಡುಗನನ್ನು ಕೇಳಿ: ಹೆಂಡತಿ ಹೀಗಂದರೆ ನೀನು ಹೋಗ್ತೀಯಾ?

ಆಮೇಲೆ ಇಬ್ಬರೂ ದೂರ ಕೂತು ಚೀಟಿ ಬರೆಯಲಿ: ದುಡಿಮೆ, ಸಾಲ, ಹೆತ್ತವರಿಗೆ ಕೊಡುವುದು. ಹುಡುಗ 18,000 ಸಂಬಳ ಬರೆದು, ಶೇಂಗಾ ಬಿತ್ತನೆಗೆ ತಂದ 60,000 ಸಾಲ ಬಿಟ್ಟಿದ್ದಾನೆ ಅಂದುಕೊಳ್ಳಿ. ಹುಡುಗಿ ತಮ್ಮನ ಫೀಸಿಗೆ ತಿಂಗಳಿಗೆ 2,000 ಬರೆದಿದ್ದಾಳೆ. ಹಿರಿಯರು ತೀರ್ಪು ಕೊಡಬಾರದು. ಚೀಟಿ ಅದಲುಬದಲು ಮಾಡಿ, ಬಿಟ್ಟಿದ್ದನ್ನು ಸೇರಿಸಿ, ಇಬ್ಬರಿಂದಲೇ ಮೂರನೇ ಚೀಟಿ ಬರೆಸಬೇಕು.

ಸೋದರಮಾವ, ಅತ್ತೆ ಹೊರಗಿರಲಿ. ಅವರೆದುರು ಹುಡುಗಿ ಎಲ್ಲಕ್ಕೂ ಹೂಂ ಅನ್ನುತ್ತಾಳೆ. ಅವಳ ಚೀಟಿ ಖಾಲಿ ಇದ್ದರೆ ಒಬ್ಬಳನ್ನೇ ಕೂರಿಸಿ ಕೇಳಿ: ಈ ಮದುವೆ ನಿನಗೆ ಒಪ್ಪಿಗೆಯಾ ತಾಯಿ? ಇಲ್ಲ ಅಂದರೆ ಅವತ್ತೇ ಮಾತುಕತೆ ನಿಲ್ಲಿಸಿ.