ಹಣ ಬರುತ್ತದೆ, ಸದಸ್ಯೆಯರು ಬರುವುದಿಲ್ಲ

ಸ್ವಸಹಾಯ ಸಂಘದ ವಾರದ ಸಭೆಗೆ ಒಂದು ವಾರ, ಒಂದು ಗಂಟೆ ಗೊತ್ತುಮಾಡುವುದು ಸಂಘ ಹುಟ್ಟಿದ ದಿನ. ಹತ್ತು ವರ್ಷದಲ್ಲಿ ಹೆಂಗಸರ ದುಡಿಮೆ ಬದಲಾದರೂ ಆ ಗಂಟೆ ಹಾಗೇ ಉಳಿದುಬಿಡುತ್ತದೆ. ಸಮಯ ಹೊಂದುತ್ತಿಲ್ಲ ಎಂಬುದು ಉಳಿತಾಯದ ಲೆಕ್ಕದಲ್ಲಿ ಕಾಣುವುದಿಲ್ಲ. ಬರಲಾಗದವರು ಮಕ್ಕಳ ಕೈಲೋ ಪಕ್ಕದ ಮನೆಯವರ ಕೈಲೋ ಹಣ ಕಳಿಸಿರುತ್ತಾರೆ. ಹಾಗಾಗಿ ಉಳಿತಾಯದ ಪುಸ್ತಕವನ್ನೂ ಹಾಜರಾತಿಯ ಸಹಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹಣ ಹದಿನೈದು ಜನರದ್ದು, ಸಹಿ ಆರೇ ಜನರದ್ದು ಎಂದಾದರೆ ಸಾಲ ಯಾರಿಗೆ ಎಂಬುದನ್ನು ಆ ಆರು ಜನರೇ ತೀರ್ಮಾನಿಸುತ್ತಿದ್ದಾರೆ ಎಂದರ್ಥ. ಇದು ಅನ್ಯಾಯ. ಬ್ಯಾಂಕು ಸಾಲ ಕೊಡುವಾಗ ನೋಡುವ ಪಂಚಸೂತ್ರಗಳಲ್ಲಿ ನಿಯಮಿತ ಸಭೆಯೂ ಒಂದು.

ಅಂಥದೊಂದು ಸಂಘವನ್ನು ಊಹಿಸಿಕೊಳ್ಳಿ. ಸಭೆ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ. ಬಾರದ ಒಂಬತ್ತು ಜನರಲ್ಲಿ ಐವರು ಗಾರ್ಮೆಂಟ್ಸ್‌ಗೆ ಹೋಗುವವರು, ಮೂವರು ಕೂಲಿಯವರು, ಒಬ್ಬರು ಶಾಲೆಯ ಬಿಸಿಯೂಟದ ಅಡುಗೆಯವರು. ಸಭೆಯಲ್ಲಿ ನಿಂತು "ಯಾವ ಹೊತ್ತು ಅನುಕೂಲ?" ಎಂದು ಕೇಳಿದರೆ ಉತ್ತರ ಸಿಗುವುದು ಬಂದಿರುವ ಆರು ಜನರಿಂದ ಮಾತ್ರ. ಪ್ರತಿನಿಧಿಗಳು ಬಾರದವರ ಮನೆಗೇ ಹೋಗಿ, "ಯಾವ ಹೊತ್ತಿಗೆ ಖಂಡಿತ ಆಗುವುದಿಲ್ಲ?" ಎಂದು ಕೇಳಬೇಕು. ಅನುಕೂಲ ಕೇಳಿದರೆ ಸಂಕೋಚದಿಂದ "ಯಾವಾಗಾದ್ರೂ ಸರಿ ಅಕ್ಕಾ" ಅಂದುಬಿಡುತ್ತಾರೆ. ಆಗದ ಹೊತ್ತು ಕೇಳಿದರೆ ನಿಜ ಹೊರಬರುತ್ತದೆ: ಸಂಜೆ ಡೇರಿಗೆ ಹಾಲು ಹಾಕಬೇಕು, ಕತ್ತಲಾದ ಮೇಲೆ ತೋಟದ ಮನೆಗೆ ಒಬ್ಬರೇ ನಡೆಯಲಾಗದು.

ಇವನ್ನೆಲ್ಲ ಕಳೆದರೆ ಈ ಸಂಘಕ್ಕೆ ಉಳಿಯುವುದು ಭಾನುವಾರ ಮಧ್ಯಾಹ್ನ ಮೂರು ಗಂಟೆ. ಅದಕ್ಕೆ ಹದಿಮೂರು ಜನ ಬರಬಲ್ಲರು. ಉಳಿದ ಇಬ್ಬರು ಭಾನುವಾರದ ಸಂತೆಯಲ್ಲಿ ತರಕಾರಿ ಮಾರುವವರು. ಅವರನ್ನು ಬಿಟ್ಟುಕೊಡಬಾರದು, ಸಾಲದ ತೀರ್ಮಾನವಿರುವ ವಾರವನ್ನು ಅವರಿಗೆ ಮೊದಲೇ ತಿಳಿಸಿ ಅಭಿಪ್ರಾಯ ಬರೆಸಿಕೊಳ್ಳಬೇಕು.

ಬದಲಾವಣೆಯನ್ನು ಬಾಯಿಮಾತಿಗೆ ಬಿಡಬೇಡಿ. ಕೊನೆಯ ಸೋಮವಾರದ ಸಭೆಯಲ್ಲೇ ನಡಾವಳಿ ಪುಸ್ತಕದಲ್ಲಿ ಹೊಸ ವಾರ, ಗಂಟೆ, ಜಾಗ, ಆರಂಭದ ತಾರೀಖು ಬರೆದು, ಬಾರದವರ ಮನೆಗೂ ಪುಸ್ತಕ ಒಯ್ದು ಎಲ್ಲರ ಸಹಿ ಹಾಕಿಸಿ. ಮೊದಲ ಹೊಸ ಸಭೆ ಆರು ದಿನಕ್ಕೇ ಬರುವುದರಿಂದ ಯಾವ ವಾರದ ಉಳಿತಾಯವೂ ತಪ್ಪುವುದಿಲ್ಲ. ಆದರೆ ಮಂಗಳವಾರದಿಂದ ಭಾನುವಾರದವರೆಗೆ ಕಂತಿನ ಹಣ ಹೊಂದಿಸಲು ಒಂದು ದಿನ ಕಡಿಮೆ ಸಿಗುತ್ತದೆ, ಆ ವಾರ ದಂಡ ಬೇಡ.

ಭಾನುವಾರಕ್ಕೆ ಒಂದು ತೊಡಕು ಇದ್ದೇ ಇದೆ. ಅಂದು ಬ್ಯಾಂಕಿಗೆ ರಜೆ, ಕೂಡಿದ ಹಣ ರಾತ್ರಿ ಯಾರದೋ ಮನೆಯಲ್ಲಿರಬೇಕು. ಮೊತ್ತವನ್ನು ಎಲ್ಲರೆದುರು ಎಣಿಸಿ ನಡಾವಳಿಯಲ್ಲಿ ಬರೆದು, ಸೋಮವಾರ ಬೆಳಿಗ್ಗೆ ಇಬ್ಬರು ಪ್ರತಿನಿಧಿಗಳೂ ಹೋಗಿ ಕಟ್ಟಲಿ. ಚಲನ್ ಮುಂದಿನ ಸಭೆಯಲ್ಲಿ ಎಲ್ಲರ ಕೈಗೂ ಹೋಗಲಿ.

ನಾಲ್ಕು ವಾರ ಕಳೆದ ಮೇಲೆ ಮತ್ತೆ ಸಹಿ ಎಣಿಸಿ. ಹದಿಮೂರರ ಜಾಗದಲ್ಲಿ ಎಂಟೇ ಇದ್ದರೆ, ಬಾರದ ಐವರ ಮನೆಗೆ ಇನ್ನೊಮ್ಮೆ ಹೋಗಿ ಕೇಳಿ.