ಐಸಿಯು ರಿಪೋರ್ಟಿನಲ್ಲಿ ಲ್ಯಾಕ್ಟೇಟ್ 38, ಪ್ರೊಕಾಲ್ಸಿಟೋನಿನ್ 18: ಆಸೆ ಬಿಡಬೇಕೇ?

ಕಮಲಾಪುರದ ನಮ್ಮ ಕಾಕಾಗೆ ಮೂತ್ರಪಿಂಡದ ಸೋಂಕು ಜೋರಾಗಿ, ಬಿಪಿ ಕುಸಿದು, ಕಲಬುರಗಿಯ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದ್ದರು. ಅಂದು ರಾತ್ರಿ ಶಹಾಬಜಾರದ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ರಿಪೋರ್ಟಿನ ಫೋಟೊ ಬಂತು. ಲ್ಯಾಕ್ಟೇಟ್ 38, ಪ್ರೊಕಾಲ್ಸಿಟೋನಿನ್ 18.

ಒಬ್ಬರು ಗೂಗಲ್ ಮಾಡಿ, ‘ಲ್ಯಾಕ್ಟೇಟ್ 2ರೊಳಗೆ ಇರಬೇಕು, 4 ದಾಟಿದರೆ ಜೀವಕ್ಕೆ ಅಪಾಯ’ ಎಂದು ಬರೆದರು. ಇನ್ನೊಬ್ಬರು, ‘ಪ್ರೊಕಾಲ್ಸಿಟೋನಿನ್ 10 ದಾಟಿದರೆ ಆಸೆ ಬಿಡಿ’ ಎಂಬ ಫಾರ್ವರ್ಡ್ ಹಾಕಿದರು. ಕಾಕಿ ಅಳತೊಡಗಿದರು. ಆದರೆ ಆ ಎರಡೂ ಮೆಸೇಜುಗಳು ದಾರಿ ತಪ್ಪಿಸುವಂಥವು.

ಮೊದಲು ಅಳತೆಯ ಘಟಕ ನೋಡಿ

ಲ್ಯಾಕ್ಟೇಟನ್ನು ಕೆಲವು ಲ್ಯಾಬ್‌ಗಳು mmol/L ಎಂದು, ಕೆಲವು mg/dL ಎಂದು ಕೊಡುತ್ತವೆ. ಗೂಗಲ್ ತೋರಿಸಿದ ‘2’ ಮೊದಲನೆಯ ಲೆಕ್ಕದ್ದು. ಕಾಕಾ ಅವರ 38ರ ಮುಂದೆ mg/dL ಎಂದಿತ್ತು. ಅದನ್ನು 9ರಿಂದ ಭಾಗಿಸಿದರೆ ಸುಮಾರು 4.2 mmol/L. ಇದು ಗಂಭೀರವೇ, ಸುಳ್ಳಲ್ಲ. ಆದರೆ ಗ್ರೂಪಿನವರು ತಿಳಿದಂತೆ ಇರಬೇಕಾದ್ದಕ್ಕಿಂತ 19 ಪಟ್ಟು ಅಲ್ಲ, ಸುಮಾರು ಎರಡು ಪಟ್ಟು.

ಲ್ಯಾಕ್ಟೇಟ್ ಸೋಂಕಿನ ಅಳತೆಯಲ್ಲ

ಹೆಸರು ಕೇಳಿ ಹಾಲು ಬಿಡಿಸಬೇಕೇ ಎಂದು ಕೇಳುವವರಿದ್ದಾರೆ. ಕುಡಿಯುವ ಹಾಲಿಗೂ ಇದಕ್ಕೂ ಸಂಬಂಧವಿಲ್ಲ. ಬಿಪಿ ಕುಸಿದು ಅಂಗಾಂಗಗಳಿಗೆ ರಕ್ತ ಮತ್ತು ಆಮ್ಲಜನಕ ಸಾಕಷ್ಟು ಸಿಗದಿದ್ದಾಗ, ದೇಹ ವಿಪರೀತ ಒತ್ತಡದಲ್ಲಿದ್ದಾಗ, ಜೀವಕೋಶಗಳು ಹೆಚ್ಚು ಲ್ಯಾಕ್ಟೇಟ್ ಹೊರಹಾಕುತ್ತವೆ. ಅದನ್ನು ತೆರವು ಮಾಡಬೇಕಾದ ಲಿವರ್ ಸೋತಿದ್ದರೂ ಅದು ಉಳಿದುಬಿಡುತ್ತದೆ. ಬಿಪಿ ಏರಿಸಲು ಕೊಡುವ ಅಡ್ರಿನಲಿನ್‌ನಿಂದಲೂ ಏರಬಹುದು. ರಕ್ತ ತೆಗೆದು ಪರೀಕ್ಷೆ ತಡವಾದರೆ, ಟ್ಯೂಬಿನೊಳಗಿನ ರಕ್ತಕಣಗಳೇ ಲ್ಯಾಕ್ಟೇಟ್ ತಯಾರಿಸಿ ಅಂಕಿ ಹೆಚ್ಚಿಸುತ್ತವೆ.

ಹಾಗಾಗಿ ವೈದ್ಯರು ಒಂದೇ ಅಂಕಿ ನೋಡಿ ಕೂರುವುದಿಲ್ಲ. ಸಲೈನ್, ಆಂಟಿಬಯೋಟಿಕ್, ಬಿಪಿ ಔಷಧಿ ಶುರುಮಾಡಿ 2ರಿಂದ 4 ಗಂಟೆಯೊಳಗೆ ಮತ್ತೆ ಪರೀಕ್ಷಿಸುತ್ತಾರೆ. ಕಾಕಾ ಅವರದು ನಾಲ್ಕು ಗಂಟೆಯ ನಂತರ 26, ಬೆಳಿಗ್ಗೆ 15 ಆಗಿತ್ತು. ಅಂದರೆ 4.2ರಿಂದ 2.9ಕ್ಕೆ, ಅಲ್ಲಿಂದ 1.7ಕ್ಕೆ. ಚಿಕಿತ್ಸೆಗೆ ದೇಹ ಸ್ಪಂದಿಸುತ್ತಿದೆ ಎಂಬುದಕ್ಕೆ ಇದೊಂದು ಒಳ್ಳೆಯ ಸೂಚನೆ. ಇಳಿಯದೆ ಏರುತ್ತಲೇ ಹೋಗಿದ್ದರೆ ಅದು ಚಿಂತೆಯ ವಿಷಯ.

ಪ್ರೊಕಾಲ್ಸಿಟೋನಿನ್ ದಿನಗಳ ಲೆಕ್ಕ

ಅದೇ ಬೆಳಿಗ್ಗೆ ಪ್ರೊಕಾಲ್ಸಿಟೋನಿನ್ 18ರಿಂದ 48 ng/mLಗೆ ಏರಿತ್ತು. ಗ್ರೂಪಿನಲ್ಲಿ ಮತ್ತೆ ಗಾಬರಿ. ಇದು ಆರೋಗ್ಯವಂತರಲ್ಲಿ 0.1ಕ್ಕಿಂತ ಕಡಿಮೆ ಇರುತ್ತದೆ. ಬ್ಯಾಕ್ಟೀರಿಯಾ ಸೋಂಕು ತೀವ್ರವಾದಾಗ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಸುಮಾರು ಒಂದು ದಿನದಲ್ಲಿ ಶಿಖರ ಮುಟ್ಟುತ್ತದೆ. ಆದ್ದರಿಂದ ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಎರಡನೇ ದಿನದ ಅಂಕಿ ಮೊದಲ ದಿನಕ್ಕಿಂತ ಹೆಚ್ಚಿರಬಹುದು. ಸೋಂಕು ಹಿಡಿತಕ್ಕೆ ಬಂದರೆ ಆಮೇಲೆ ದಿನಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಇಳಿಯುತ್ತದೆ. ಕಾಕಾ ಅವರದು ಮುಂದಿನ ಮೂರು ದಿನ 26, 13, 8 ಎಂದು ಇಳಿಯಿತು.

10 ದಾಟಿದರೆ ಸೋಂಕು ತೀವ್ರವಾಗಿರುವ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ‘ಆಸೆ ಬಿಡಿ’ ಎನ್ನುವುದು ನಿಜವಲ್ಲ. ಕಿಡ್ನಿ ವೈಫಲ್ಯ, ದೊಡ್ಡ ಆಪರೇಷನ್, ಸುಟ್ಟಗಾಯ, ನಮ್ಮ ಕಡೆಯ ಮೇ ತಿಂಗಳ ಬಿಸಿಲಿನ ಹೊಡೆತದಿಂದಲೂ ಇದು ಏರಬಹುದು. ಸೋಂಕು ಒಂದೇ ಜಾಗದಲ್ಲಿ ಸಣ್ಣದಾಗಿದ್ದರೆ ಕಡಿಮೆಯೂ ಇರಬಹುದು. ಅದಕ್ಕಾಗಿಯೇ 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ, ಆಂಟಿಬಯೋಟಿಕ್ ಶುರುಮಾಡಲು ಇದಕ್ಕಾಗಿ ಕಾಯಬೇಡಿ ಎನ್ನುತ್ತದೆ. ಎಷ್ಟು ದಿನ ಕೊಡಬೇಕೆಂಬ ಸಂದೇಹವಿದ್ದಾಗ, ನಿಲ್ಲಿಸುವ ನಿರ್ಧಾರಕ್ಕೆ ರೋಗಿಯ ಸ್ಥಿತಿಯ ಜೊತೆ ಇದನ್ನೂ ನೋಡಬಹುದು ಎನ್ನುತ್ತದೆ. ನೆದರ್ಲೆಂಡ್ಸ್‌ನಲ್ಲಿ 1,500ಕ್ಕೂ ಹೆಚ್ಚು ಐಸಿಯು ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಖರದಿಂದ ಶೇ 80ರಷ್ಟು ಇಳಿದಾಗ ಅಥವಾ 0.5ಕ್ಕೆ ಬಂದಾಗ ನಿಲ್ಲಿಸುವಂತೆ ಸಲಹೆ ನೀಡಲಾಗಿತ್ತು. 48ರಲ್ಲಿ ಶೇ 80 ಕಳೆದರೆ 9.6. ಕಾಕಾ ಅವರ 8 ಅದಕ್ಕಿಂತ ಕೆಳಗಿತ್ತು.

ಎರಡು ಮೂರು ದಿನವಾದರೂ ಇಳಿಯದಿದ್ದರೆ? ಔಷಧಿ ಆ ಬ್ಯಾಕ್ಟೀರಿಯಾಗೆ ತಾಗುತ್ತಿಲ್ಲವೇ, ಒಳಗೆ ಕೀವು ನಿಂತಿದೆಯೇ, ಕಲ್ಲು ಮೂತ್ರಕ್ಕೆ ಅಡ್ಡವಾಗಿದೆಯೇ ಎಂದು ವೈದ್ಯರು ಹುಡುಕುತ್ತಾರೆ.

ಫೋಟೊ ಕಳಿಸುವ ಬದಲು ಕೇಳಿ

ವೈದ್ಯರು ಸಿಕ್ಕಾಗ ಮೂರೇ ಪ್ರಶ್ನೆ ಸಾಕು. ಲ್ಯಾಕ್ಟೇಟ್ ನಿನ್ನೆಗಿಂತ ಇಳಿದಿದೆಯೇ? ಬಿಪಿ ಔಷಧಿ ಕಡಿಮೆಯಾಗುತ್ತಿದೆಯೇ, ಮೂತ್ರ ಬರುತ್ತಿದೆಯೇ? ಸೋಂಕಿನ ಮೂಲ ಸಿಕ್ಕಿದೆಯೇ, ಕಲ್ಚರ್ ರಿಪೋರ್ಟ್ ಬಂತೇ? ಗ್ರೂಪಿಗೆ ರೋಗಿಯ ಹೆಸರಿರುವ ರಿಪೋರ್ಟ್ ಬೇಡ, ಈ ಉತ್ತರಗಳನ್ನು ಬರೆಯಿರಿ. ಅಂಕಿ ಹಾಕಲೇಬೇಕಾದರೆ ದಿನ, ಗಂಟೆ, ಘಟಕ ಮೂರನ್ನೂ ಸೇರಿಸಿ.