ಬಸಿದ ನೀರಿನ ಲೆಕ್ಕ

ಪಶ್ಚಿಮಘಟ್ಟದ ಮೇಲೆ, ಸಮುದ್ರಮಟ್ಟದಿಂದ ಐನೂರು ಆರುನೂರು ಮೀಟರು ಎತ್ತರದಲ್ಲಿ ಅಡಕೆತೋಟಗಳ ನಡುವೆ ಹರಡಿಕೊಂಡಿರುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡುಗೆಮನೆಗಳಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಎತ್ತರ ಏರಿದಂತೆ ವಾಯುಭಾರ ಇಳಿಯುವುದರಿಂದ, ಘಟ್ಟದ ಕೆಳಗಿನ ಕುಮಟೆ ಹೊನ್ನಾವರಗಳಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ ಎರಡು ಡಿಗ್ರಿ ಮುಂಚಿತವಾಗಿಯೇ ಉಗಿಯಾಗುತ್ತದೆ. ಅನಂತರ ಒಲೆಗೆ ಎಷ್ಟು ಸೌದೆ ಒಟ್ಟಿದರೂ ನೀರು ಬೇಗ ಬತ್ತುವುದೇ ಹೊರತು ಅದರ ಉಷ್ಣತೆ ಏರುವುದಿಲ್ಲ. ಇಡ್ಲಿಪಾತ್ರೆಯಿಂದ ಏಳುವ ಹಬೆಯದೂ ಅದೇ 98 ಡಿಗ್ರಿ. ಆದರೆ ಮುಚ್ಚಳವನ್ನು ಬಿಗಿದು, ಅದರ ಮೇಲೆ ತೂಕದ ಬಿಲ್ಲೆಯನ್ನಿಟ್ಟು, ಚದರ ಸೆಂಟಿಮೀಟರಿಗೆ ಒಂದು ಕಿಲೋ ಹೆಚ್ಚುವರಿ ಒತ್ತಡ ಹುಟ್ಟುವಂತೆ ಮಾಡಿದಲ್ಲಿ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಹಬೆಯ ಅಡುಗೆಗೂ ಒತ್ತಡದ ಅಡುಗೆಗೂ ಇರುವ ಮೂಲಭೂತ ಭೇದ ಈ 22 ಡಿಗ್ರಿಗಳಷ್ಟೇ.

ಅಷ್ಟೇ ಎಂದೆನಾದರೂ ಅದು ಅಲ್ಪವಲ್ಲ. ಉಷ್ಣತೆ ಹತ್ತು ಡಿಗ್ರಿ ಏರಿದಾಗ ರಾಸಾಯನಿಕ ಕ್ರಿಯೆಗಳ ವೇಗ ಸ್ಥೂಲವಾಗಿ ಇಮ್ಮಡಿಯಾಗುತ್ತದೆಂಬ ಲೆಕ್ಕವನ್ನು ಹಿಡಿದರೆ, 22 ಡಿಗ್ರಿಗೆ ವೇಗ ನಾಲ್ಕೂವರೆ ಮಡಿಯಷ್ಟಾಗುತ್ತದೆ. ತೆರೆದ ತಪ್ಪಲೆಯಲ್ಲಿ ಮುಕ್ಕಾಲು ಗಂಟೆ ಹಿಡಿಯುವ ತೊಗರಿಬೇಳೆ ಕುಕ್ಕರಿನಲ್ಲಿ ಹತ್ತು ನಿಮಿಷಕ್ಕೆ ಕರಗಿ ನಿಲ್ಲುವ ರಹಸ್ಯ ಇದೇ. ಇಷ್ಟು ಬಿಸಿಗೆ ಜೀವಸತ್ವಗಳೆಲ್ಲ ಸುಟ್ಟುಹೋಗುತ್ತವೆಂಬ ಶಂಕೆ ಕುಕ್ಕರು ನಮ್ಮ ಮನೆಗಳನ್ನು ಹೊಕ್ಕ ಕಾಲದಿಂದಲೂ ಉಂಟು, ಮತ್ತು ಅದು ಸಂಪೂರ್ಣ ನಿರಾಧಾರವೂ ಅಲ್ಲ. ಅಕ್ಕಿಬೇಳೆಗಳಲ್ಲಿರುವ ಥಯಾಮಿನ್, ಎಂದರೆ ಬಿ-1 ಜೀವಸತ್ವ, ಶಾಖಕ್ಕೆ ನಾಶವಾಗತಕ್ಕದ್ದೇ. ಆದರೆ ನಾಶದ ವೇಗ ಏರಿದ ಪ್ರಮಾಣದಲ್ಲಿಯೇ ಬೇಯುವ ಕಾಲವೂ ಕುಗ್ಗುವುದರಿಂದ, ಒಟ್ಟು ನಷ್ಟ ಎರಡು ವಿಧಾನಗಳಲ್ಲಿಯೂ ಬಹಳ ಬೇರೆಯಾಗಿರುವುದಿಲ್ಲ. ನಷ್ಟದ ದೊಡ್ಡ ದಾರಿ ನೀರಿನದು. ಜನರು ಬೆಂಕಿಯನ್ನು ಶಂಕಿಸುತ್ತ ನೀರನ್ನು ಮರೆತಿದ್ದಾರೆ.

ಘಟ್ಟದ ಮೇಲಿನ ಮನೆಗಳಲ್ಲಿ ಹಿಂದೆ ಅನ್ನ ಮಾಡುತ್ತಿದ್ದ ಕ್ರಮವನ್ನು ಸ್ವಲ್ಪ ನೋಡೋಣ. ಬೆಳತಿಗೆ ಅಕ್ಕಿಯನ್ನು ಎರಡು ಮೂರು ಸಲ ಕೈಯಿಂದ ತಿಕ್ಕಿ ತೊಳೆದು, ಆ ಅಕ್ಕಚ್ಚನ್ನು ಕೊಟ್ಟಿಗೆಗೆಂದು ತೆಗೆದಿಟ್ಟು, ಮರಳುತ್ತಿರುವ ಧಾರಾಳ ನೀರಿಗೆ ಅಕ್ಕಿಯನ್ನು ಹಾಕಿ, ಅಗುಳನ್ನು ಹಿಚುಕಿ ಹದ ನೋಡಿ, ತಪ್ಪಲೆಯ ಬಾಯಿಗೆ ಮುಚ್ಚಳವನ್ನೊತ್ತಿ ಹಿಡಿದು ಗಂಜಿತಿಳಿಯನ್ನು ಬಸಿಯುತ್ತಿದ್ದರು. ಹೀಗೆ ಬಸಿದ ಅನ್ನ ಉದುರುದುರಾಗಿ, ಮಲ್ಲಿಗೆಯ ಮೊಗ್ಗಿನಂತೆ ಬಿಡಿಬಿಡಿಯಾಗಿ ಬರುತ್ತಿತ್ತು. ಅದಕ್ಕೆ ಕಾರಣವಿದೆ. ಅಕ್ಕಿಯ ಪಿಷ್ಟದ ಕಣಗಳು ಸುಮಾರು 65 ರಿಂದ 78 ಡಿಗ್ರಿಯೊಳಗೆ ನೀರು ಕುಡಿದು ಉಬ್ಬುತ್ತವೆ. ಉಬ್ಬಿದಾಗ ಅವುಗಳ ಅಮೈಲೋಸ್ ಎಂಬ ಅಂಶದ ಒಂದಿಷ್ಟು ಭಾಗ ಕಾಳಿನಿಂದ ಹೊರಕ್ಕೆ ಸೋರಿ ನೀರಿಗಿಳಿಯುತ್ತದೆ. ಗಂಜಿ ಮಂದವಾಗುವುದು ಅದರಿಂದಲೇ. ಆ ನೀರನ್ನು ಬಸಿದುಬಿಟ್ಟರೆ ಅಂಟು ಹೊರಟುಹೋಗಿ ಅಗುಳುಗಳು ಒಂದಕ್ಕೊಂದು ಹತ್ತದೆ ನಿಲ್ಲುತ್ತವೆ. ಆದರೆ ನೀರಿನಲ್ಲಿ ಸುಲಭವಾಗಿ ಕರಗುವ ಬಿ-1 ಸಹ ಅದೇ ಗಂಜಿಯೊಡನೆ ಹೊರಟುಹೋಗುತ್ತದೆ. ತೊಳೆಯುವಾಗಲೇ ಬಿಳಿ ಅಕ್ಕಿಯ ಬಿ-1ರಲ್ಲಿ ನಾಲ್ಕನೆಯ ಒಂದು ಪಾಲು, ಹಲವು ವೇಳೆ ಅದಕ್ಕೂ ಮಿಗಿಲಾದದ್ದು ಕಳೆದಿರುತ್ತದೆ. ಉಳಿದುದರಲ್ಲಿ ದೊಡ್ಡದೊಂದು ಪಾಲನ್ನು ಬಸಿಯುವಿಕೆ ಒಯ್ಯುತ್ತದೆ. ಅನ್ನದ ಅಂದವೂ ಅದರ ಪೌಷ್ಟಿಕ ನಷ್ಟವೂ ಒಂದೇ ನೀರಿನ ಎರಡು ಫಲಗಳು. ವಿಪರ್ಯಾಸದ ಸಂಗತಿಯೆಂದರೆ, ಕೊಟ್ಟಿಗೆಯಲ್ಲಿ ಆ ಅಕ್ಕಚ್ಚು ಗಂಜಿತಿಳಿಗಳನ್ನು ಕುಡಿಯುವ ಹಸುವಿಗೆ ಹೊರಗಿನಿಂದ ಬಿ-1 ಬೇಕಾಗಿಯೇ ಇಲ್ಲ. ಮೆಲುಕು ಹಾಕುವ ಪ್ರಾಣಿಗಳ ಜಠರದಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಾವೇ ತಯಾರಿಸಿಕೊಡುತ್ತವೆ.

ಕರಾವಳಿಯ ಕುಚ್ಚಲಕ್ಕಿಯ ಕತೆ ಬೇರೆ. ಭತ್ತವನ್ನು ನೆನೆಯಿಸಿ ಹೊಟ್ಟಿನ ಸಮೇತ ಹಬೆಗೊಡ್ಡಿದಾಗ ತೌಡಿನ ಪದರದಲ್ಲಿದ್ದ ಜೀವಸತ್ವ ನೀರಿನೊಡನೆ ಕಾಳಿನ ಒಳಕ್ಕೆ ಸರಿದು, ಅಲ್ಲಿ ಪಿಷ್ಟ ಗಟ್ಟಿಯಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಆ ಅಕ್ಕಿಯನ್ನು ಗಿರಣಿಯಲ್ಲಿ ಬೆಳ್ಳಗೆ ಮಾಡಿ, ತೊಳೆದು, ಬಸಿದರೂ ಅದರಲ್ಲಿ ಬೆಳತಿಗೆಗಿಂತ ಹೆಚ್ಚಿನ ಬಿ-1 ಉಳಿದಿರುತ್ತದೆ. ಕೂನೂರಿನ ಪೋಷಣ ಸಂಶೋಧನಾಲಯದಲ್ಲಿದ್ದ ಅಯ್‌ಕ್ರಾಯ್ಡ್ ಮತ್ತು ಸಂಗಡಿಗರು 1940ರಲ್ಲಿ ಪ್ರಕಟಿಸಿದ ಅಕ್ಕಿಯ ಅಧ್ಯಯನದ ಒಂದು ಮುಖ್ಯ ವಿಷಯ ಇದು. ಬೆರಿಬೆರಿ ರೋಗ ಕುಚ್ಚಲಕ್ಕಿ ಉಣ್ಣುವ ಸೀಮೆಗಳಲ್ಲಿ ಅಪರೂಪವಾಗಿದ್ದುದಕ್ಕೂ ಇದೇ ಕಾರಣ. ಹಬೆಯ ಅತ್ಯುತ್ತಮ ಉಪಯೋಗವನ್ನು ನಮ್ಮ ಜನ ಅಡುಗೆಯ ಪಾತ್ರೆಯಲ್ಲಿ ಅಲ್ಲ, ಭತ್ತ ಬೇಯಿಸುವ ಹಂಡೆಯಲ್ಲಿ ಕಂಡುಕೊಂಡಿದ್ದರೆಂದು ನನ್ನ ಅಭಿಪ್ರಾಯ.

ಇನ್ನು ಕುಕ್ಕರು. ನಮ್ಮ ಮನೆಗಳಲ್ಲಿ ಅದನ್ನು ಬಳಸುವ ರೀತಿಯನ್ನು ಲಕ್ಷ್ಯವಿಟ್ಟು ನೋಡಿದರೆ, ಅಲ್ಲಿ ನಡೆಯುವುದೂ ಒಂದು ಬಗೆಯ ಹಬೆಯ ಅಡುಗೆಯೇ ಎಂಬುದು ತಿಳಿಯುತ್ತದೆ. ತಳದಲ್ಲಿ ಎರಡು ಲೋಟ ನೀರು, ಅದರ ಮೇಲೆ ಬೇಳೆಯ ಡಬ್ಬಿ, ಅದರ ಮೇಲೆ ಅಕ್ಕಿಯ ಡಬ್ಬಿ; ಡಬ್ಬಿಗಳನ್ನು ಸುತ್ತುವರಿದು ಕಾಯಿಸುವುದು ಒತ್ತಡಕ್ಕೊಳಗಾದ ಉಗಿ. ಅಕ್ಕಿಗೆ ಹಾಕಿದ ನೀರು ಎಲ್ಲಿಗೂ ಹೋಗದೆ ಅನ್ನದಲ್ಲಿಯೇ ಇಂಗುತ್ತದೆ, ಬಿ-1 ಉಳಿಯುತ್ತದೆ. ಸೋರಿದ ಅಮೈಲೋಸೂ ಉಳಿಯುತ್ತದೆ. ಅದು ಅಗುಳುಗಳ ಮೈಗೆ ಲೇಪವಾಗಿ ಹತ್ತಿಕೊಳ್ಳುವುದರಿಂದ ಅನ್ನ ಮೆತ್ತಗಾಗಿ ಮುದ್ದೆಗಟ್ಟುತ್ತದೆ. ಈ ಸೀಮೆಯಲ್ಲಿ ಬೆಳೆಯುವ ಇಂಟಾನ್ ಅಕ್ಕಿಯನ್ನೇ ತೆಗೆದುಕೊಳ್ಳಿ: ಕೊಯ್ಲಿನ ಬೆನ್ನಿಗೇ ಮಾಡಿಸಿದ ಹೊಸ ಅಕ್ಕಿಗೆ ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಕೂಗಿಸಿದರೆ ಪಾಯಸದ ಹದಕ್ಕೆ ಬಂದೀತು, ಅದೇ ಅಕ್ಕಿ ಒಂದು ವರ್ಷ ಹಳತಾದ ಮೇಲೆ ಅಷ್ಟೇ ನೀರನ್ನು ಕುಡಿದು ಬಿಡಿಯಾಗಿ ನಿಲ್ಲುತ್ತದೆ, ಏಕೆಂದರೆ ಹಳೆಯ ಅಕ್ಕಿಯ ಕಾಳು ಗಡುಸಾಗಿದ್ದು ಪಿಷ್ಟವನ್ನು ಅಷ್ಟು ಸುಲಭವಾಗಿ ಹೊರಬಿಡುವುದಿಲ್ಲ. ಆದುದರಿಂದ ಹೊಸ ಅಕ್ಕಿಗೆ ಲೋಟಕ್ಕೆ ಎರಡೇ ಲೋಟ, ಅಥವಾ ಇನ್ನೂ ತುಸು ಕಡಿಮೆ ನೀರು ಸಾಕು.

ಕುಕ್ಕರಿನ ಅನ್ನ ಕೆಡುವುದಕ್ಕೆ ಇನ್ನೊಂದು ಕಾರಣವಿದ್ದು ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಕ್ಕಿಗೆ ಬೇಕಾದ ಕಾಲ ಕಡಿಮೆ, ಬೇಳೆಗೆ ಬೇಕಾದದ್ದು ಹೆಚ್ಚು. ಎರಡನ್ನೂ ಒಟ್ಟಿಗೆ ಇಟ್ಟಾಗ ಬೇಳೆಗಾಗಿ ಕೂಗಿಸಿದ ಕೂಗುಗಳೆಲ್ಲ ಅಕ್ಕಿಯ ಪಾಲಿಗೂ ಬರುತ್ತವೆ. ಬೇಳೆಯನ್ನು ಮೊದಲೇ ಅರ್ಧ ಗಂಟೆ ನೆನೆಯಿಸಿಟ್ಟರೆ ಎರಡರ ಕಾಲವೂ ಸಮೀಪಕ್ಕೆ ಬರುತ್ತದೆ. ಕೂಗನ್ನು ಎಣಿಸುವ ಪದ್ಧತಿಯೂ ಅಷ್ಟೇನೂ ವಿಶ್ವಾಸಾರ್ಹವಲ್ಲ. ಕೂಗು ತೋರಿಸುವುದು ಒಳಗಿನ ಒತ್ತಡ ಮಿತಿ ಮೀರಿತೆಂಬುದನ್ನು ಮಾತ್ರ. ಉರಿ ಜೋರಾಗಿದ್ದರೆ ಮೂರು ಕೂಗು ಮೂರು ನಿಮಿಷದೊಳಗೇ ಆಗಿಬಿಡಬಹುದು, ಗೋಬರ್ ಗ್ಯಾಸಿನ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಹಿಡಿಯಬಹುದು. ಮುಚ್ಚಳದ ನಳಿಗೆಯಿಂದ ಉಗಿ ಒಂದೇ ಧಾರೆಯಾಗಿ ಹೊರಡುವವರೆಗೆ ಕಾದು, ಅನಂತರ ತೂಕವನ್ನಿಟ್ಟು, ಮೊದಲ ಕೂಗಾದೊಡನೆ ಉರಿ ತಗ್ಗಿಸಿ ಗಡಿಯಾರ ನೋಡುವುದು ಸರಿಯಾದ ಕ್ರಮ. ಉಗಿಗೆ ಕಾಯದೆ ತೂಕವಿಟ್ಟಲ್ಲಿ ಒಳಗಿನ ಗಾಳಿ ಹೊರಹೋಗದೆ ಉಳಿಯುತ್ತದೆ. ಗಾಳಿಯೂ ಉಗಿಯೂ ಸೇರಿ ಒತ್ತಡವನ್ನೇನೋ ಹುಟ್ಟಿಸುತ್ತವೆ, ಆದರೆ ಉಷ್ಣತೆ 120ಕ್ಕೆ ಮುಟ್ಟುವುದಿಲ್ಲ. ಕೂಗು ಸರಿಯಾಗಿಯೇ ಕೇಳಿಸಿ ಬೇಳೆ ಮಾತ್ರ ಗಡುಸಾಗಿ ಉಳಿದಿದ್ದರೆ ಶಂಕಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಬೇಳೆಯ ಗಡುಸುತನಕ್ಕೆ ಬೇರೆ ಕಾರಣಗಳೂ ಇವೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವುದು ಪೆಕ್ಟಿನ್. ಬೇಯುವುದೆಂದರೆ ಈ ಪೆಕ್ಟಿನ್ ಕರಗಿ ಕೋಶಗಳು ಬಿಡಿಯಾಗುವುದು. ನೀರಿನಲ್ಲಿ ಸುಣ್ಣದ ಅಂಶವಿದ್ದರೆ ಅದು ಪೆಕ್ಟಿನ್ನಿನೊಡನೆ ಬೆರೆತು ಕಟ್ಟನ್ನು ಬಿಗಿಗೊಳಿಸುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರಿನಲ್ಲಿ ಎಷ್ಟು ಕೂಗಿಸಿದರೂ ಬೇಳೆ ಬೇಯದೆಂಬ ದೂರಿಗೆ ಇದೇ ಮೂಲ. ಜಂಬಿಟ್ಟಿಗೆ ಕಲ್ಲಿನ ನೆಲದಿಂದ ಬರುವ ಮಲೆನಾಡಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು, ಆದ್ದರಿಂದ ಇಲ್ಲಿಯವರಿಗೆ ಆ ತೊಂದರೆ ಕಡಿಮೆ. ಆದರೆ ಇಲ್ಲಿಯವರು ತಮ್ಮ ಕೈಯಾರೆ ತಂದುಕೊಳ್ಳುವ ತೊಂದರೆಯೊಂದಿದೆ, ಅದು ಹುಳಿ. ವಾಟೆಹುಳಿಯಾಗಲಿ, ಮುರುಗಲಾಗಲಿ, ಹುಣಸೆಯಾಗಲಿ, ಬೇಳೆ ಬೇಯುವ ಮುನ್ನವೇ ಬಿದ್ದರೆ ಆಮ್ಲದಲ್ಲಿ ಪೆಕ್ಟಿನ್ ಕರಗುವುದು ನಿಧಾನವಾಗುತ್ತದೆ. ಕುಕ್ಕರಿನ 120 ಡಿಗ್ರಿಯಲ್ಲಿಯೂ ಈ ಅಡ್ಡಿ ಸಂಪೂರ್ಣ ತಪ್ಪುವುದಿಲ್ಲ. ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ಬೇಳೆ ನಿಜಕ್ಕೂ ಬೇಗ ಕರಗುತ್ತದೆ, ಆದರೆ ಕ್ಷಾರದ ನೀರಿನಲ್ಲಿ ಬಿ-1 ಅಷ್ಟೇ ವೇಗವಾಗಿ ನಾಶವಾಗುತ್ತದೆ. ಶಾಖವೊಂದರಿಂದಲೇ ಆಗದಷ್ಟು ಹಾನಿ ಆ ಚಿಟಿಕೆಯಿಂದ ಆಗುವುದುಂಟು. ಬೇಳೆಯನ್ನು ಕುಕ್ಕರಿನ ತಳದಲ್ಲಿ ನೇರವಾಗಿ ಬೇಯಿಸುವವರು ಅರ್ಧಕ್ಕಿಂತ ಮೇಲೆ ತುಂಬಬಾರದು. ನೊರೆ ಎದ್ದು ನಳಿಗೆಯನ್ನು ಕಟ್ಟಿತೆಂದರೆ ಅಪಾಯ. ಒಂದೆರಡು ಹನಿ ಎಣ್ಣೆ ಆ ನೊರೆಯನ್ನು ತಗ್ಗಿಸುತ್ತದೆ.

ಹಾಗಾದರೆ ಒತ್ತಡವಿಲ್ಲದ ಬರಿಯ ಹಬೆಗೆ ಏನು ಉಳಿಯಿತು? ಬಿಡಿ ಅಕ್ಕಿಗೆ ಅದು ಒಪ್ಪದು, ಏಕೆಂದರೆ ಅಕ್ಕಿ ಅನ್ನವಾಗಲು ಬೇಕಾದಷ್ಟು ನೀರನ್ನು ಬರಿಯ ಉಗಿ ಒದಗಿಸಲಾರದು. ನೆನೆದು ರುಬ್ಬಿದ ಹಿಟ್ಟಿಗಾದರೋ ಬೇಕಾದ ನೀರು ಆಗಲೇ ಒಳಗಿರುತ್ತದೆ. ಇಡ್ಲಿಯಾಗಲಿ ಕಡುಬಾಗಲಿ ಹಬೆಯಲ್ಲಿ ಬೇಯುವಾಗ ಪಿಷ್ಟ ಉಬ್ಬಿ ನಿಲ್ಲುತ್ತದೆ, ಸೋರುವುದಕ್ಕೆ ಹೊರಗೆ ನೀರೇ ಇಲ್ಲ. ಹುದುಗು ಬಂದ ಅಕ್ಕಿ ಉದ್ದಿನ ಹಿಟ್ಟಿನಲ್ಲಿ, ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವ ಫೈಟೇಟ್ ಸ್ವಲ್ಪ ಮಟ್ಟಿಗೆ ಕಡಿಮೆಯೂ ಆಗಿರುತ್ತದೆ. ಇಡ್ಲಿಯನ್ನು ಕುಕ್ಕರಿನಲ್ಲಿಯೇ ಬೇಯಿಸುವವರು ತೂಕವನ್ನು ತೆಗೆದಿಡುವುದು ಬರಿಯ ರೂಢಿಯಲ್ಲ. ಒತ್ತಡದಲ್ಲಿ ಹಿಟ್ಟಿನೊಳಗಿನ ಗಾಳಿಗುಳ್ಳೆಗಳು ಹಿಗ್ಗಲಾರದೆ ಕುಗ್ಗಿಯೇ ಉಳಿಯುತ್ತವೆ, ಹಿಟ್ಟು ಹಾಗೆಯೇ ಗಟ್ಟಿಯಾಗಿ ಇಡ್ಲಿ ಕಲ್ಲಾಗುತ್ತದೆ.

ನಾಲ್ಕಾರು ಮಂದಿಯ ಮನೆಗೆ ಅನ್ನಬೇಳೆಗಳ ವಿಷಯದಲ್ಲಿ ಕುಕ್ಕರೇ ಲೇಸು, ಕಡುಬು ಇಡ್ಲಿಗಳಿಗೆ ಹಬೆಯೇ ಸರಿ. ಮದುವೆ ಉಪನಯನಗಳಲ್ಲಿ ನೂರಾರು ಎಲೆ ಬೀಳುವಾಗ ಅನ್ನವನ್ನು ಬಸಿಯದೆ ಗತಿಯಿಲ್ಲ. ಅಂಥಲ್ಲಿ ಅಕ್ಕಿಯನ್ನು ಒಮ್ಮೆಯಷ್ಟೇ ಹಗುರವಾಗಿ ತೊಳೆದು, ಬಸಿದ ಗಂಜಿತಿಳಿಯಲ್ಲಿ ಒಂದು ಪಾಲನ್ನಾದರೂ ಬೇಳೆ ಬೆಂದ ಮೇಲೆ ಸಾರಿನ ಕೊಪ್ಪರಿಗೆಗೆ ಸೇರಿಸಿರೆಂದು ಅಡಿಗೆ ಭಟ್ಟರಲ್ಲಿ ನನ್ನ ಬಿನ್ನಹ.